ಕಾರಣ ಗೊತ್ತು, ಬಾಯಿಗೆ ಬರುವುದಿಲ್ಲ: ಸೋಮವಾರದ ಮೀಟಿಂಗ್‌ನ ಇಂಗ್ಲಿಷ್

ಪ್ರಶ್ನೆ: ನಾನು ಸೇಡಂ ಹತ್ತಿರದ ಒಂದು ಸಿಮೆಂಟ್ ಫ್ಯಾಕ್ಟರಿಯ ಲ್ಯಾಬ್‌ನಲ್ಲಿ ಕೆಮಿಸ್ಟ್. ಮನೆ ಕಲಬುರಗಿಯಲ್ಲಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಇಮೇಲ್, ರಿಪೋರ್ಟ್ ಎಲ್ಲ ಇಂಗ್ಲಿಷ್‌ನಲ್ಲೇ ಬರೆಯುತ್ತೇನೆ, ತೊಂದರೆ ಇಲ್ಲ. ಆದರೆ ಪ್ರತಿ ಸೋಮವಾರ ಹೆಡ್ ಆಫೀಸಿನವರ ಜೊತೆ ಆನ್‌ಲೈನ್ ಮೀಟಿಂಗ್ ಇರುತ್ತದೆ. ಕಳೆದ ವಾರ ಫ್ರೀ ಲೈಮ್, ಅಂದರೆ ಸುಟ್ಟ ಮೇಲೂ ಬೆರೆಯದೆ ಉಳಿದ ಸುಣ್ಣ, ಯಾಕೆ ಜಾಸ್ತಿ ಬಂತು ಅಂತ ಕೇಳಿದರು. ಕಾರಣ ಗೊತ್ತಿದ್ದೂ ತಡವರಿಸಿದೆ, ಕೊನೆಗೆ ಮ್ಯಾನೇಜರ್ ಉತ್ತರ ಕೊಟ್ಟರು. ಮೂರು ತಿಂಗಳಿಂದ ಇಂಗ್ಲಿಷ್ ನ್ಯೂಸ್ ಹಚ್ಚಿಕೊಂಡು, ಅವರು ಹೇಳಿದ್ದನ್ನು ಹಿಂದೆಯೇ ಹೇಳುತ್ತಾ ಹೋಗುವ ಶ್ಯಾಡೋಯಿಂಗ್ ಮಾಡುತ್ತಿದ್ದೇನೆ, ದಿನಕ್ಕೆ 10 ಹೊಸ ಪದ ಬರೆದುಕೊಳ್ಳುತ್ತೇನೆ. ಏನೂ ಬದಲಾಗಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? ಮೊದಲು ಗ್ರಾಮರ್ ಕೋರ್ಸ್ ಸೇರಬೇಕಾ?

ಉತ್ತರ: ನೀವು ಮಾಡುತ್ತಿರುವ ಕೆಲಸ ತಪ್ಪಲ್ಲ, ಅದರ ಕ್ರಮ ತಲೆಕೆಳಗಾಗಿದೆ. ಮೊದಲು ಪದ, ಆಮೇಲೆ ಶ್ಯಾಡೋಯಿಂಗ್, ರೆಕಾರ್ಡಿಂಗ್ ಯಾವಾಗಲಾದರೂ ಅಂತ ಹೊರಟಿದ್ದೀರಿ. ರೆಕಾರ್ಡಿಂಗ್ ಮೊದಲು ಬರಬೇಕು. ಯಾವ ಪದ ಬೇಕು, ಯಾವುದನ್ನು ಶ್ಯಾಡೋ ಮಾಡಬೇಕು ಅಂತ ತೋರಿಸುವುದೇ ಅದು. ಲ್ಯಾಬ್‌ನಲ್ಲಿ ಸ್ಯಾಂಪಲ್ ನೋಡದೆ ನೀವು ಯಾರಿಗೂ ರಿಸಲ್ಟ್ ಕೊಡುವುದಿಲ್ಲ, ಅಲ್ವಾ?

ಸ್ಯಾಂಪಲ್ ತೆಗೆಯೋಣ. ಫೋನಿನ ರೆಕಾರ್ಡರ್ ಆನ್ ಮಾಡಿ. ಹೆಡ್ ಆಫೀಸಿನವರು ಕೇಳಿದ ಪ್ರಶ್ನೆಯನ್ನು ನೀವೇ ಜೋರಾಗಿ ಕೇಳಿ. ಎರಡು ಸೆಕೆಂಡ್ ಬಿಟ್ಟು ಉತ್ತರ ಹೇಳಿ. ಕೈಯಲ್ಲಿ ಚೀಟಿ ಇರಬಾರದು, ತಪ್ಪಿದರೆ ನಿಲ್ಲಿಸಿ ಮತ್ತೆ ಶುರು ಮಾಡಬಾರದು. ಒಂದು ನಿಮಿಷ ಸಾಕು. ನಿಜವಾದ ಮೀಟಿಂಗನ್ನು ಗುಟ್ಟಾಗಿ ರೆಕಾರ್ಡ್ ಮಾಡುವ ಯೋಚನೆ ಮಾತ್ರ ಬೇಡ. ಕಂಪನಿಯ ಮಾತು ಹೊರಗೆ ಹೋದರೆ ಇಂಗ್ಲಿಷ್‌ಗಿಂತ ದೊಡ್ಡ ತಲೆನೋವು ಶುರುವಾಗುತ್ತದೆ.

ಮೊದಲ ಸಲ ಕೇಳಿದಾಗ "ಅಯ್ಯೋ, ಇದು ನನ್ನ ದನಿನಾ?" ಅನ್ನಿಸುತ್ತದೆ. ಎಲ್ಲರಿಗೂ ಹಾಗೇ. ನಮ್ಮ ದನಿ ನಮಗೆ ತಲೆಯ ಎಲುಬಿನ ಮೂಲಕವೂ ಕೇಳಿಸುತ್ತದೆ, ಅದಕ್ಕೆ ಒಳಗಿನಿಂದ ಗಟ್ಟಿಯಾಗಿ ಕಾಣುತ್ತದೆ. ಫೋನ್ ಹಿಡಿಯುವುದು ಗಾಳಿಯಲ್ಲಿ ಬಂದ ದನಿಯನ್ನಷ್ಟೇ. ದನಿಯನ್ನು ಅಲ್ಲಿಗೇ ಬಿಡಿ. ನಾವು ನೋಡಬೇಕಾದ್ದು ಮಾತು ಎಲ್ಲಿ ನಿಂತಿತು ಅನ್ನುವುದನ್ನು.

ನಿಮ್ಮ ಕಾರಣ ಏನಿತ್ತು ಅಂತ ನೀವು ಬರೆದಿಲ್ಲ. ಹೀಗಿತ್ತು ಅಂದುಕೊಳ್ಳೋಣ: ಮಂಗಳವಾರ ರಾತ್ರಿ ಸುಡುವ ಕುಲುಮೆ, ಅಂದರೆ ಕಿಲ್ನ್, ನಿಂತು ಮತ್ತೆ ಶುರುವಾಯಿತು. ಒಳಗೆ ಬೇಕಾದಷ್ಟು ಬಿಸಿ ಬರುವ ಮುಂಚೆಯೇ ಫೀಡ್, ಅಂದರೆ ಅದಕ್ಕೆ ಹಾಕುವ ಕಚ್ಚಾ ಪುಡಿ, ಹೆಚ್ಚಿಸಿದರು. ಸುಟ್ಟು ಬರುವ ಕ್ಲಿಂಕರ್ ಉಂಡೆ ಸರಿಯಾಗಿ ಬೇಯಲಿಲ್ಲ, ಫ್ರೀ ಲೈಮ್ 2.4 ಪರ್ಸೆಂಟಿಗೆ ಹೋಯಿತು. ಇಂಥ ಉತ್ತರಗಳ ರೆಕಾರ್ಡಿಂಗ್ ನಾನು ಸಾಕಷ್ಟು ಕೇಳಿದ್ದೇನೆ. ಬರೆದಿಟ್ಟರೆ ಸಾಮಾನ್ಯವಾಗಿ ಹೀಗೆ ಕಾಣುತ್ತದೆ. ಗೀಟು ಎಂದರೆ ಒಂದು ಸೆಕೆಂಡಿಗಿಂತ ಜಾಸ್ತಿ ನಿಂತ ಜಾಗ:

"ಸರ್, ಆನ್ ಟ್ಯೂಸ್‌ಡೇ ನೈಟ್ ದ / ಕಿಲ್ನ್ ಆಫ್ಟರ್ / ಸ್ಟಾಪೇಜ್, ಟೆಂಪರೇಚರ್ ವಾಸ್ / ನಾಟ್ / ಬಿಫೋರ್ ದಟ್ ಓನ್ಲಿ ಫೀಡ್ / ಸೋ ಫ್ರೀ ಲೈಮ್ / ಕೇಮ್ ಮೋರ್."

ಇದರಲ್ಲಿ ನಿಮಗೆ ಗೊತ್ತಿಲ್ಲದ ಪದ ಒಂದಾದರೂ ಇದೆಯಾ? ಇಲ್ಲ. ಹಾಗಾದರೆ ದಿನಕ್ಕೆ 10 ಹೊಸ ಪದ ಕಲಿತು ಏನು ಉಪಯೋಗ? ಗೀಟು ಬಿದ್ದ ಜಾಗ ನೋಡಿ. "ದ" ಆದ ಮೇಲೆ, "ಆಫ್ಟರ್" ಆದ ಮೇಲೆ, "ವಾಸ್" ಆದ ಮೇಲೆ. ಇಂಗ್ಲಿಷ್ ಚೆನ್ನಾಗಿ ಮಾತಾಡುವವರೂ ನಿಲ್ಲುತ್ತಾರೆ. ಆದರೆ ಹೆಚ್ಚಾಗಿ ಒಂದು ತುಂಡು ಮಾತು ಮುಗಿದ ಮೇಲೆ ನಿಲ್ಲುತ್ತಾರೆ, ಕೇಳುವವರಿಗೆ ಅದು ಯೋಚನೆ ಮಾಡಿ ಹೇಳಿದ ಹಾಗೆ ಕೇಳಿಸುತ್ತದೆ. ತುಂಡಿನ ನಡುವೆ ನಿಂತರೆ ತಡವರಿಸಿದ ಹಾಗೆ. ಎರಡೂ ಒಂದೇ ಒಂದು ಸೆಕೆಂಡ್ ಇರಬಹುದು, ನಿಂತ ಜಾಗ ಬೇರೆ.

ಯಾಕೆ ನಡುವೆ ನಿಲ್ಲುತ್ತದೆ? ಇದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ: "ಮಂಗಳವಾರ ರಾತ್ರಿ ಕಿಲ್ನ್ ನಿಂತು ಶುರುವಾದ ಮೇಲೆ ಬಿಸಿ ಬರೋಕೆ ಮುಂಚೆನೇ ಫೀಡ್ ಏರಿಸಿದ್ದರಿಂದ ಫ್ರೀ ಲೈಮ್ ಜಾಸ್ತಿ ಬಂತು." ಎಷ್ಟು ಸಲೀಸಾಗಿ ಬಂತು! ಕನ್ನಡ ಕಾರಣವನ್ನೆಲ್ಲ ಮುಂದೆ ಪೋಣಿಸಿಕೊಂಡು ಬಂದು, ಆದದ್ದೇನು ಅನ್ನುವುದನ್ನು ಕೊನೆಗೆ ಇಡುತ್ತದೆ. ಕ್ರಿಯಾಪದ ಬಾಲದಲ್ಲಿ ಬರುತ್ತದೆ. ಇಂಗ್ಲಿಷ್‌ಗೆ ಯಾರು ಅಥವಾ ಯಾವುದು ಅಂತ ಹೇಳಿದ ಕೂಡಲೇ ಕ್ರಿಯಾಪದ ಬೇಕು. ನೀವು ಕನ್ನಡದ ಕ್ರಮದಲ್ಲಿ ಮಂಗಳವಾರದಿಂದ ಶುರು ಮಾಡಿದಿರಿ. ಎರಡು ಪದ ಹೇಳುವಷ್ಟರಲ್ಲಿ ಇಂಗ್ಲಿಷ್ ಕ್ರಿಯಾಪದ ಕೇಳಿತು. ಅದು ನಿಮ್ಮ ತಲೆಯಲ್ಲಿ ಇನ್ನೂ ವಾಕ್ಯದ ಕೊನೆಯಲ್ಲಿ ಕೂತಿದೆ. ನಿಂತು ಹುಡುಕಿದಿರಿ. ಅದೇ ಆ ಗೀಟು.

ಇಮೇಲ್‌ನಲ್ಲಿ ಇದು ಕಾಣುವುದಿಲ್ಲ. ಅಲ್ಲಿ ಹಿಂದೆ ಮುಂದೆ ಮಾಡಲು ಸಮಯ ಇರುತ್ತದೆ. ಅದಕ್ಕೇ ಬರವಣಿಗೆ ಚೆನ್ನಾಗಿದ್ದೂ ಮಾತು ಕಟ್ಟುತ್ತದೆ.

ಈಗ ಅದೇ ಉತ್ತರವನ್ನು ತಿರುಗಿಸಿ. ಆದದ್ದು ಮೊದಲು, ಕಾರಣ ಆಮೇಲೆ, ಯಾವಾಗ ಅನ್ನುವುದು ಕೊನೆಗೆ:

"ಫ್ರೀ ಲೈಮ್ ವೆಂಟ್ ಅಪ್ ಟು ಟೂ ಪಾಯಿಂಟ್ ಫೋರ್ / ಬಿಕಾಸ್ ವಿ ರೇಸ್ಡ್ ದ ಫೀಡ್ ಟೂ ಅರ್ಲಿ / ಆಫ್ಟರ್ ದ ರೀಸ್ಟಾರ್ಟ್ ಆನ್ ಟ್ಯೂಸ್‌ಡೇ ನೈಟ್."

ಮೂರೇ ತುಂಡು. ಪ್ರತಿ ಗೀಟಿನಲ್ಲಿ ನೀವು ಎರಡು ಸೆಕೆಂಡ್ ನಿಂತರೂ ಯಾರಿಗೂ ಬೇಸರವಿಲ್ಲ. ಇನ್ನೊಂದು ಲಾಭವಿದೆ. ಮೊದಲ ತುಂಡು ಹೇಳಿದ ಕೂಡಲೇ ಕೇಳಿದವರಿಗೆ ಅರ್ಧ ಉತ್ತರ ಸಿಕ್ಕಿರುತ್ತದೆ, ಮ್ಯಾನೇಜರ್ ನಡುವೆ ಬಾಯಿ ಹಾಕಲು ಕಾರಣ ಇರುವುದಿಲ್ಲ. ಪಾಪ, ಅವರು ನಡುವೆ ಬಂದಿದ್ದು ನಿಮಗೆ ಗೊತ್ತಿಲ್ಲ ಅಂತ ಅಲ್ಲ. ಮಂಗಳವಾರ ರಾತ್ರಿಯಿಂದ ಮುಂದೆ ಏನಾಯಿತು ಅಂತ ಕಾಯಲು ಆಗಲಿಲ್ಲ, ಅಷ್ಟೇ.

ಹೀಗೆ ರೆಕಾರ್ಡ್ ಮಾಡಿದ ಮೂರು ನಾಲ್ಕು ಉತ್ತರಗಳಲ್ಲಿ ಗೀಟು ಹಾಕಿ. ಅಲೆ ತೋರಿಸುವ ರೆಕಾರ್ಡರ್ ಇದ್ದರೆ ನಿಂತ ಜಾಗ ಚಪ್ಪಟೆ ಗೆರೆಯಾಗಿ ಕಣ್ಣಿಗೇ ಕಾಣುತ್ತದೆ. ನಿಮಗೆ ಬೇಕಾದ ಪದಗಳ ಪಟ್ಟಿ ಆ ಗೀಟುಗಳಿಂದ ಬರಬೇಕು. ಅದೂ ಬಿಡಿ ಪದ ಬೇಡ, ಒಂದೇ ಉಸಿರಿಗೆ ಬರುವ ತುಂಡು ಬೇಕು. "ಇನ್‌ಕ್ರೀಸ್" ಅಂತ ಬರೆದುಕೊಂಡರೆ ಏನೂ ಆಗುವುದಿಲ್ಲ. "ವೆಂಟ್ ಅಪ್ ಫ್ರಂ ಒನ್ ಪಾಯಿಂಟ್ ಟೂ ಟು ಟೂ ಪಾಯಿಂಟ್ ಫೋರ್" ಅಂತ ಪೂರ್ತಿ ಬರೆದುಕೊಳ್ಳಿ. ಲ್ಯಾಬ್‌ನವರಿಗೆ ಇಂಥ ತುಂಡು 15 ಇದ್ದರೆ ಸೋಮವಾರ ದಾಟಿ ಹೋಗುತ್ತದೆ. ಏರಿತು, ಇಳಿಯಿತು, ಹಾಗೇ ಇದೆ ಅನ್ನಲು ಕೆಲವು. ಕಾರಣ ಹೇಳಲು ಕೆಲವು. ಏನು ಕ್ರಮ ತೆಗೆದುಕೊಂಡಿರಿ ಅನ್ನಲು ಕೆಲವು. ಸಮಯ ಕೇಳಲು ಎರಡು ಮೂರು: "ಲೆಟ್ ಮಿ ಚೆಕ್ ದ ಶಿಫ್ಟ್ ಡೇಟಾ ಅಂಡ್ ಕಮ್ ಬ್ಯಾಕ್ ಬೈ ಈವ್ನಿಂಗ್", "ಆರ್ ಯೂ ಆಸ್ಕಿಂಗ್ ಅಬೌಟ್ ಟ್ಯೂಸ್‌ಡೇಸ್ ಕ್ಲಿಂಕರ್?" ಈ ಕೊನೆಯದು ಬಹಳ ಉಪಕಾರಿ. ಪ್ರಶ್ನೆ ಸರಿಯಾಗಿ ಕೇಳಿಸಿತಾ ಅಂತ ಖಚಿತವಾಗುತ್ತದೆ, ಜೊತೆಗೆ ಉತ್ತರ ಜೋಡಿಸಲು ಮೂರು ಸೆಕೆಂಡ್ ಸಿಗುತ್ತದೆ.

ಒಂದು ತುಂಡಿನ ಬಗ್ಗೆ ಮಾತ್ರ ಎಚ್ಚರ. "ವೆಂಟ್ ಅಪ್ ಟು" ಮತ್ತು "ವೆಂಟ್ ಅಪ್ ಬೈ" ಬೇರೆ ಬೇರೆ. ಕನ್ನಡದಲ್ಲಿ ನಾವು ಎಂದೂ ತಪ್ಪುವುದಿಲ್ಲ: "1.2ಕ್ಕೆ ಏರಿತು" ಅಂದರೆ ಈಗ ಅಷ್ಟಿದೆ, "1.2ರಷ್ಟು ಏರಿತು" ಅಂದರೆ ಮೊದಲಿಗಿಂತ ಅಷ್ಟು ಜಾಸ್ತಿಯಾಗಿದೆ. "ಕ್ಕೆ" ಇದ್ದರೆ "ಟು", "ಅಷ್ಟು" ಇದ್ದರೆ "ಬೈ". ಇಲ್ಲಿ ತಪ್ಪಿದರೆ ಗ್ರಾಮರ್ ತಪ್ಪಲ್ಲ, ರಿಸಲ್ಟೇ ತಪ್ಪು. "ಕೇಮ್ ಮೋರ್" ಅಂದಿದ್ದು ಅಷ್ಟು ದೊಡ್ಡ ವಿಷಯವಲ್ಲ, ನಮ್ಮ ಆಫೀಸುಗಳಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಅದನ್ನು ನಿಧಾನವಾಗಿ ಸರಿಮಾಡಿಕೊಳ್ಳಿ.

ಈಗ ಶ್ಯಾಡೋಯಿಂಗ್. ನ್ಯೂಸ್ ಯಾಕೆ ಕೈಕೊಟ್ಟಿತು ಅಂದರೆ, ನ್ಯೂಸ್ ಅನ್ನುವುದು ಬರೆದದ್ದನ್ನು ಓದುವುದು. ವಾಕ್ಯ ಉದ್ದ, ವೇಗ ಜಾಸ್ತಿ, ಅಲ್ಲಿ ಯಾರೂ ಯಾರಿಗೂ ಉತ್ತರ ಕೊಡುವುದಿಲ್ಲ. ನಾನೂ ಇದೇ ಗುಂಡಿಗೆ ಬಿದ್ದವನು. ಓದು ಮುಗಿದ ಹೊಸದರಲ್ಲಿ ರೇಡಿಯೋ ಸುದ್ದಿಯನ್ನು ಗಿಳಿಯ ಹಾಗೆ ಹೇಳುತ್ತಿದ್ದೆ, ಮನೆಯವರು ಖುಷಿಪಡುತ್ತಿದ್ದರು. ಮೊದಲ ಕೆಲಸದ ಮೊದಲ ಮೀಟಿಂಗ್‌ನಲ್ಲಿ "ಸ್ಟಾಕ್ ಯಾಕೆ ಕಮ್ಮಿ ಬಿತ್ತು" ಅಂತ ಕೇಳಿದಾಗ ಬಾಯಲ್ಲಿ ಬಂದಿದ್ದು ಬರೀ "ಆಕ್ಚುಯಲಿ".

ನಿಮಗೆ ಬೇಕಾದ್ದು ಮೀಟಿಂಗ್‌ನದೇ ಮಾತು, ಸಿಮೆಂಟಿನದೇ ಮಾತು, ನಮ್ಮ ದೇಶದವರ ದನಿಯಲ್ಲಿ. ಅದು ಪುಕ್ಕಟೆ ಸಿಗುತ್ತದೆ, ತುಂಬಾ ಜನರಿಗೆ ಗೊತ್ತಿಲ್ಲ ಅಷ್ಟೇ. ಷೇರು ಮಾರುಕಟ್ಟೆಯಲ್ಲಿರುವ ದೊಡ್ಡ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಪ್ರಕಟಿಸಿದ ಮೇಲೆ ಹೂಡಿಕೆದಾರರ ಪರವಾಗಿ ಪ್ರಶ್ನೆ ಕೇಳುವವರ ಜೊತೆ ಫೋನ್ ಮೀಟಿಂಗ್ ಮಾಡುತ್ತವೆ. ಅದರ ಆಡಿಯೋ ಮತ್ತು ಬರಹರೂಪ ಎರಡನ್ನೂ ಜನರಿಗೆ ಸಿಗುವಂತೆ ಮಾಡಬೇಕು ಅಂತ ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ 2021ರಲ್ಲಿ ನಿಯಮ ತಂದಿತು. ಸಿಮೆಂಟ್ ಕಂಪನಿಗಳದ್ದೂ ಇದೆ. ಕಂಪನಿಯ ಹೆಸರಿನ ಜೊತೆ ಹೀಗೆ ಹುಡುಕಿ:

```
earnings call transcript
earnings call audio recording
```

ಮೊದಲ 15–20 ನಿಮಿಷ ದೊಡ್ಡವರು ಬರೆದುಕೊಂಡು ಬಂದದ್ದನ್ನು ಓದುತ್ತಾರೆ, ಅದನ್ನು ದಾಟಿಸಿ. ಪ್ರಶ್ನೋತ್ತರ ಶುರುವಾಗುವ ಜಾಗಕ್ಕೆ ಬನ್ನಿ. "ಇಂಧನದ ಖರ್ಚು ಯಾಕೆ ಏರಿತು?", "ಆ ಹೊಸ ಲೈನ್ ಯಾವಾಗ ಶುರು?" ಇಂಥ ಪ್ರಶ್ನೆ ಬರುತ್ತದೆ, ಅದಕ್ಕೆ ಒಬ್ಬರು ಆ ಕ್ಷಣದಲ್ಲೇ ಉತ್ತರ ಕೊಡುತ್ತಾರೆ. ನಿಮ್ಮ ಸೋಮವಾರವೂ ಇದೇ ಅಲ್ವಾ? ವಿಷಯ ಹಣದ್ದು, ನಿಮ್ಮದು ಕ್ಲಿಂಕರಿನದು. ಆದರೆ ಉತ್ತರದ ಚೌಕಟ್ಟು ಅದೇ: ಏರಿತು, ಯಾಕೆ ಏರಿತು, ಈಗ ಏನು ಮಾಡುತ್ತಿದ್ದೇವೆ.

ಆಯ್ಕೆ ಮಾಡುವಾಗ ನಿಧಾನವಾಗಿ, ಬಿಡಿಬಿಡಿಯಾಗಿ ಮಾತಾಡುವ ಒಬ್ಬರನ್ನು ಹುಡುಕಿ. 40 ಸೆಕೆಂಡಿನ ಒಂದೇ ಉತ್ತರ ತೆಗೆದುಕೊಳ್ಳಿ. ಅದರಲ್ಲಿ ಗೊತ್ತಿಲ್ಲದ ಪದ ಮೂರಕ್ಕಿಂತ ಜಾಸ್ತಿ ಇದ್ದರೆ ಬಿಟ್ಟುಬಿಡಿ. ಒಂದು ವಾರ ಅದೇ 40 ಸೆಕೆಂಡ್. ಮೊದಲ ದಿನ ಬರಹ ನೋಡದೆ ಎರಡು ಸಲ ಕೇಳಿ, ಆಮೇಲೆ ಬರಹ ಇಟ್ಟುಕೊಂಡು ಅವರು ಎಲ್ಲಿ ನಿಲ್ಲುತ್ತಾರೆ ಅಂತ ಗೀಟು ಹಾಕಿ. ಬರಹದಲ್ಲಿ "ಆ", "ಯೂ ನೋ" ಎಲ್ಲ ತೆಗೆದು ಸ್ವಚ್ಛ ಮಾಡಿರುತ್ತಾರೆ, ಒಮ್ಮೊಮ್ಮೆ ತಪ್ಪೂ ಇರುತ್ತದೆ. ಹಾಗಾಗಿ ಕಿವಿಯನ್ನೇ ನಂಬಿ. ಎರಡನೇ ದಿನ ಬರಹ ನೋಡಿಕೊಂಡೇ ಅವರ ಜೊತೆ ಜೊತೆಗೆ ಓದಿ. ಮೂರನೇ ದಿನದಿಂದ ಬರಹ ಮುಚ್ಚಿ, ಅವರು ಒಂದೆರಡು ಪದ ಮುಂದೆ, ನೀವು ಹಿಂದೆ. ಆಡಿಯೋ ನಿಲ್ಲಿಸಬಾರದು. ಹಿಂದೆ ಬಿದ್ದರೆ ಆ ಮಾತು ಬಿಟ್ಟು ಮುಂದಿನ ತುಂಡಿಗೆ ಸೇರಿಕೊಳ್ಳಿ, ಹೊರಟ ಬಸ್ಸನ್ನು ಮುಂದಿನ ಸ್ಟಾಪಿನಲ್ಲಿ ಹಿಡಿದ ಹಾಗೆ. ತೀರಾ ವೇಗ ಅನ್ನಿಸಿದರೆ ಎರಡು ದಿನ 0.75 ವೇಗದಲ್ಲಿ ಇಡಿ. ಅದಕ್ಕಿಂತ ಕಮ್ಮಿ ಮಾಡಿದರೆ ಮಾತಿನ ಲಯವೇ ಹೋಗುತ್ತದೆ.

ಆ ಲಯದಲ್ಲೇ ನಮ್ಮವರಿಗೆ ನಿಜವಾದ ಲಾಭ ಇರುವುದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚುಕಮ್ಮಿ ಸಮನಾದ ತೂಕ ಕೊಡುತ್ತೇವೆ. ಇಂಗ್ಲಿಷ್ ಕೆಲವಕ್ಕೆ ಮಾತ್ರ ಒತ್ತು ಕೊಟ್ಟು ಉಳಿದದ್ದನ್ನು ನುಂಗಿಬಿಡುತ್ತದೆ. "ಬಿಕಾಸ್ ವಿ ರೇಸ್ಡ್ ದ ಫೀಡ್ ಟೂ ಅರ್ಲಿ" ಅನ್ನುವಲ್ಲಿ "ರೇಸ್ಡ್", "ಫೀಡ್", "ಅರ್ಲಿ" ಈ ಮೂರು ದೊಡ್ಡವು, ಉಳಿದವು ಅವುಗಳ ಸಂದಿಯಲ್ಲಿ ಓಡಿಹೋಗುತ್ತವೆ. ನಾವು "ದ"ಕ್ಕೂ "ವಾಸ್"ಗೂ ಪೂರ್ತಿ ತೂಕ ಕೊಡುತ್ತೇವೆ. ಅಲ್ಲೇ ಕಾಲು ಊರಿ ನಿಲ್ಲಲು ಜಾಗ ಸಿಕ್ಕಿಬಿಡುತ್ತದೆ. ಇನ್ನೊಂದು, ಪದದ ಬಾಲಕ್ಕೆ "ಉ" ಸೇರಿಸುವುದು: ಫೀಡು, ಟೆಸ್ಟು, ರಿಪೋರ್ಟು. ಕನ್ನಡದಲ್ಲಿ ಅದು ಸರಿ, ಇಂಗ್ಲಿಷ್‌ನಲ್ಲಿ ಪ್ರತಿ ಪದವೂ ಒಂದು ಅಕ್ಷರ ಉದ್ದವಾಗುತ್ತದೆ. "ಓನ್ಲಿ" ಅನ್ನುವುದು "ವೋನ್ಲಿ" ಆಗುವುದೂ ಉಂಟು. ನಿಮ್ಮ ರೆಕಾರ್ಡಿಂಗ್‌ನಲ್ಲಿ ಇವು ಇವೆಯಾ ಅಂತ ಒಂದು ಸಲ ಕಿವಿಗೊಡಿ. ಕಲಬುರಗಿಯವರಿಗೆ ಒಂದು ಅನುಕೂಲವೂ ಇದೆ ಅನ್ನಿ. ಸುತ್ತ ಉರ್ದು ಕೇಳಿ ಬೆಳೆದವರ ಬಾಯಿಗೆ "ಝೀರೋ"ದ ಝ ಸುಲಭವಾಗಿ ಬರುತ್ತದೆ. ಬೇರೆ ಕಡೆಯವರಿಗೆ ನಾನು ಅದನ್ನು ವಾರಗಟ್ಟಲೆ ಹೇಳಿಕೊಡಬೇಕಾಗುತ್ತದೆ.

ಶ್ಯಾಡೋಯಿಂಗ್‌ನಲ್ಲಿ ಮೋಸ ಹೋಗುವುದು ಇಲ್ಲಿ: ಕಿವಿಯಿಂದ ಬಂದದ್ದು ತಲೆಗೆ ಹೋಗದೆ ನೇರ ಬಾಯಿಗೆ ಬರುತ್ತದೆ. ದನಿ ಸೊಗಸಾಗಿರುತ್ತದೆ, ಮಾತು ಮಾತ್ರ ನಿಮ್ಮದಾಗಿರುವುದಿಲ್ಲ. ನಿಮ್ಮ ಮೂರು ತಿಂಗಳು ಹೀಗೇ ಹೋಗಿರಬಹುದು. ಪರೀಕ್ಷೆ ಸುಲಭ. ನಾಲ್ಕನೇ ದಿನ ಆಡಿಯೋ ಆಫ್ ಮಾಡಿ, ಅದೇ ಚೌಕಟ್ಟಿನಲ್ಲಿ ನಿಮ್ಮ ಲ್ಯಾಬಿನ ಸಂಗತಿ ತುಂಬಿ ಹೇಳಿ. ಅವರು "ಫ್ಯೂಯಲ್ ಕಾಸ್ಟ್ ವೆಂಟ್ ಅಪ್ ಬಿಕಾಸ್..." ಅಂದಿದ್ದರೆ, ನೀವು "ಫ್ರೀ ಲೈಮ್ ವೆಂಟ್ ಅಪ್ ಬಿಕಾಸ್..." ಅನ್ನಿ. ಅದನ್ನು ರೆಕಾರ್ಡ್ ಮಾಡಿ. ಹೇಳಲು ಬಂದರೆ ತುಂಡು ನಿಮ್ಮದಾಗಿದೆ. ಬರದಿದ್ದರೆ ಇನ್ನೂ ಗಿಳಿಪಾಠದಲ್ಲೇ ಇದ್ದೀರಿ, ಆ ತುಂಡನ್ನೇ ಇನ್ನೆರಡು ದಿನ ಮಾಡಿ.

ಭಾನುವಾರ ಮೀಟಿಂಗ್‌ನ ತಯಾರಿ. ವಾರದ ಶೀಟ್ ತೆಗೆದು, ಹಿಂದಿನ ವಾರಕ್ಕಿಂತ ಎದ್ದು ಕಾಣುವಷ್ಟು ಬದಲಾದ ಅಂಕಿಗೆ ಸುತ್ತು ಹಾಕಿ. ಸಾಮಾನ್ಯವಾಗಿ ಮೂರು ಸಿಗುತ್ತವೆ. ಪ್ರತಿಯೊಂದಕ್ಕೂ ಬರುವ ಪ್ರಶ್ನೆ ಹೆಚ್ಚಾಗಿ ನಾಲ್ಕೇ: ಯಾಕೆ, ಯಾವಾಗಿನಿಂದ, ಏನು ಮಾಡಿದಿರಿ, ಯಾವಾಗ ಸರಿಹೋಗುತ್ತದೆ. ಅಂದರೆ 12 ಸಣ್ಣ ಉತ್ತರ. "ಏನು ಕೇಳುತ್ತಾರೋ" ಅನ್ನುವ ಭಯ ಅರ್ಧ ಇಲ್ಲೇ ಮುಗಿಯುತ್ತದೆ. ಉತ್ತರ ಬರೆದು ಬಾಯಿಪಾಠ ಮಾಡಬೇಡಿ. ಒಂದು ಪದ ಮರೆತರೆ ಇಡೀ ಸಾಲು ಕುಸಿಯುತ್ತದೆ. ಅದರ ಬದಲು ಇಂಗ್ಲಿಷ್ ಕಲಿಸುವವರು 4-3-2 ಅನ್ನುವ ಹಳೆಯ ಪದ್ಧತಿಯೊಂದಿದೆ. ಒಂದೇ ವಿಷಯವನ್ನು 4 ನಿಮಿಷ, ಆಮೇಲೆ 3, ಆಮೇಲೆ 2 ನಿಮಿಷದಲ್ಲಿ ಹೇಳಿಸುತ್ತಾರೆ. ನಿಮ್ಮ ಉತ್ತರ ಸಣ್ಣದು, ಹಾಗಾಗಿ 60 ಸೆಕೆಂಡ್, 45, 30 ಅಂತ ಮಾಡಿ. ಎಲ್ಲವನ್ನೂ ರೆಕಾರ್ಡ್ ಮಾಡಿ ಮೊದಲನೆಯದನ್ನೂ ಕೊನೆಯದನ್ನೂ ಕೇಳಿ. ಸಮಯ ಕಮ್ಮಿಯಾಗಬೇಕಾದ್ದು ತುಂಡಿನ ನಡುವಿನ ಗೀಟು ಹೋಗಿದ್ದರಿಂದ. ಬಾಯಿ ಓಡಿಸಿ 30 ಸೆಕೆಂಡಿಗೆ ಮುಗಿಸಿದ್ದರೆ ಲೆಕ್ಕಕ್ಕಿಲ್ಲ.

ಅಂಕಿಗಳನ್ನು ಪ್ರತ್ಯೇಕವಾಗಿ ಜೋರಾಗಿ ಓದಿ. ಸುಮ್ನೆ ಅನ್ನಿಸಬಹುದು, ಆದರೆ ನಾವೆಲ್ಲ ಅಂಕಿಯನ್ನು ಮನಸ್ಸಿನಲ್ಲಿ ಕನ್ನಡದಲ್ಲೇ ಓದುತ್ತೇವೆ. 1.05 ಬಂದಾಗ "ಒಂದು ಪಾಯಿಂಟ್..." ಅಂತ ಒಳಗೆ ತಿರುಗಿ, ಆಮೇಲೆ "ಒನ್ ಪಾಯಿಂಟ್ ಝೀರೋ ಫೈವ್" ಹೊರಬರುತ್ತದೆ. ಶೀಟ್ ಹಿಡಿದು ಐದು ನಿಮಿಷ ಬರೀ ಅಂಕಿ ಓದಿದರೆ ಆ ತಡ ಹೋಗುತ್ತದೆ.

ಸಮಯ ಎಲ್ಲಿಂದ ತರಲಿ ಅನ್ನಬಹುದು. ಕಲಬುರಗಿಯಿಂದ ಸೇಡಂ ದಾರಿ ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಕೇಳುವುದು, ತುಟಿಯೊಳಗೆ ಗೊಣಗಿಕೊಂಡು ಶ್ಯಾಡೋ ಮಾಡುವುದು ಬಸ್ಸಿನಲ್ಲೇ ಆಗುತ್ತದೆ. ಜೋರಾಗಿ ಹೇಳಿ ರೆಕಾರ್ಡ್ ಮಾಡುವುದಕ್ಕೆ ಮನೆಯಲ್ಲಿ 10 ನಿಮಿಷ ಸಾಕು. ಕೂಲರ್ ಹಚ್ಚಿದ ಕೋಣೆ ಮಾತ್ರ ಬೇಡ, ಆ ಸದ್ದಿನಲ್ಲಿ ನಿಂತ ಜಾಗ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ನನ್ನ ಹತ್ತಿರ ಬರುವವರೆಲ್ಲ ರಾತ್ರಿ ಮಾಳಿಗೆ ಹತ್ತುತ್ತಾರೆ. ಮಲಗಲು ಹಾಸಿಗೆ ಹೇಗೂ ಮೇಲೇ ಹೋಗಿರುತ್ತದೆ.

ಆರು ವಾರ ಹೀಗೆ ಮಾಡಿದರೆ ನಿಮ್ಮ ವಿಷಯದ ಪ್ರಶ್ನೆಗೆ ನಡುವೆ ನಿಲ್ಲುವುದು ಎದ್ದು ಕಾಣುವ ಹಾಗೆ ಕಮ್ಮಿಯಾಗಬೇಕು. ಮೊದಲ ದಿನದ ರೆಕಾರ್ಡಿಂಗ್ ಅಳಿಸಬೇಡಿ, ಅದೇ ಪ್ರಶ್ನೆಗೆ ಮತ್ತೆ ಉತ್ತರ ಕೊಟ್ಟು ಗೀಟು ಎಣಿಸಿ. ಆದರೆ ಇದರಿಂದ ಎಲ್ಲವೂ ಬರುವುದಿಲ್ಲ. ಊಟದ ಹೊತ್ತಿನ ಹರಟೆ, ಯಾರೋ ತಮಾಷೆ ಮಾಡಿದಾಗ ತಕ್ಷಣ ಮರುಮಾತು, ಇವು ಬೇರೆ ಅಭ್ಯಾಸ. ಗಡಿಬಿಡಿಯಲ್ಲಿ ಮಾತಾಡುವವರ ಪ್ರಶ್ನೆ ಅರ್ಥವಾಗದಿದ್ದರೂ ಈ ಕ್ರಮ ಸಾಲದು, ಅದಕ್ಕೆ ಬರೀ ಕೇಳುವ ಅಭ್ಯಾಸ ಜಾಸ್ತಿ ಬೇಕು.

ಗ್ರಾಮರ್ ಕೋರ್ಸ್ ಈಗ ಬೇಡ. ಇಮೇಲ್ ಸರಿಯಾಗಿ ಬರೆಯುವವರಿಗೆ ಗ್ರಾಮರ್ ಇದ್ದೇ ಇದೆ, ಅದು ಬಾಯಿಗೆ ಬರುವಷ್ಟು ಬೇಗ ಬರುತ್ತಿಲ್ಲ. ಕೋರ್ಸಿಗೆ ಕೊಡುವ ಹಣದಲ್ಲಿ ಮೈಕ್ ಚೆನ್ನಾಗಿರುವ ಒಂದು ಇಯರ್‌ಫೋನ್ ತಗೊಳ್ಳಿ. ಸ್ಪೀಕರ್ ಹಚ್ಚಿದ ಮೀಟಿಂಗ್ ರೂಮಿನ ಹಿಂದಿನ ಕುರ್ಚಿಯಿಂದ ಉತ್ತರ ಕೊಡುವ ಬದಲು, ಈ ಸೋಮವಾರ ನಿಮ್ಮ ಮೇಜಿನಿಂದಲೇ ಸೇರಿಕೊಳ್ಳಬಹುದಾ ಅಂತ ಮ್ಯಾನೇಜರನ್ನು ಕೇಳಿ ನೋಡಿ.